ವಿಪ್ ಬಾಗಿಲಿಗೆ ಅಂಟಿತ್ತು, ಅಧ್ಯಕ್ಷೆ ಊರಲ್ಲಿರಲಿಲ್ಲ: ಒಂದು ಪುರಸಭೆಯ ಅನರ್ಹತೆ ಪ್ರಕರಣ

ಇದು ಕರ್ನಾಟಕದ ಒಂದು ಪುರಸಭೆಯಲ್ಲಿ ನಡೆದ ಸಂಗತಿ. ಊರು, ಪಕ್ಷ, ವ್ಯಕ್ತಿ ಯಾವುದೂ ಗೊತ್ತಾಗಬಾರದು ಎಂದು ಹೆಸರುಗಳನ್ನು ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸ್ಥಳೀಯ ಸಂಸ್ಥೆಗಳ ಕಾನೂನು ಕೆಲಸ ಮಾಡುವವನಾಗಿ ಈ ಕಡತವನ್ನು ಮೊದಲಿನಿಂದ ಕೊನೆವರೆಗೆ ಓದಿದ್ದೇನೆ. ಯಾರ ಪರವಾಗಿಯೂ ವಕಾಲತ್ತು ಹಾಕಿರಲಿಲ್ಲ.

ಪಕ್ಷಾಂತರ ಅಂದ ಕೂಡಲೇ ನಮಗೆ ವಿಧಾನಸೌಧ ನೆನಪಾಗುತ್ತದೆ, ಸ್ಪೀಕರ್ ನೆನಪಾಗುತ್ತಾರೆ. ಅದು ಸಂವಿಧಾನದ ಹತ್ತನೇ ಅನುಸೂಚಿಯ ಮಾತು, 1985ರಲ್ಲಿ ಸೇರಿದ್ದು. ಅದು ಸಂಸತ್ತಿಗೆ, ಶಾಸನಸಭೆಗಳಿಗೆ ಮಾತ್ರ. ಪುರಸಭೆ, ನಗರಸಭೆ, ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಗೆ ಕರ್ನಾಟಕದಲ್ಲಿ 1987ರ ಬೇರೆ ಕಾಯ್ದೆಯೇ ಇದೆ: ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಹಾಗಾಗಿ ಅಲ್ಲಿ ಈ ತಲೆನೋವಿಲ್ಲ.

ಲೆಕ್ಕ ಹೀಗಿತ್ತು

ಪುರಸಭೆಯಲ್ಲಿ 23 ವಾರ್ಡು. ಒಂದು ಪಕ್ಷಕ್ಕೆ 12 ಸ್ಥಾನ ಬಂದಿತ್ತು. ಅದನ್ನು ದೊಡ್ಡ ಪಕ್ಷ ಎನ್ನೋಣ. ಎದುರು ಪಕ್ಷಕ್ಕೆ 8, ಪಕ್ಷೇತರರು 3. ನಮ್ಮಲ್ಲಿ ಪುರಸಭೆ ಅಧ್ಯಕ್ಷರ ಆಯ್ಕೆಯಲ್ಲಿ ಆ ಭಾಗದ ಶಾಸಕರು, ಸಂಸದರು ಕೂಡ ಮತ ಹಾಕುತ್ತಾರೆ. ಶಾಸಕರು ಎದುರು ಪಕ್ಷದವರು, ಸಂಸದರು ದೊಡ್ಡ ಪಕ್ಷದವರು. ಒಟ್ಟು 25 ಮತ. ಪಕ್ಷೇತರರು ಮೂವರೂ ಶಾಸಕರ ಹಿಂದೆ ಇದ್ದರು. ಹಾಗಾಗಿ ದೊಡ್ಡ ಪಕ್ಷಕ್ಕೆ 13, ಆಚೆ ಕಡೆಗೆ 12. ಒಂದೇ ಮತದ ಅಂತರ.

ಇದರ ಮೇಲೆ ಮೀಸಲಾತಿ ಬಂತು. ಮೊದಲ 30 ತಿಂಗಳ ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗ 'ಎ' ಮಹಿಳೆಗೆ. ಇಡೀ ಪುರಸಭೆಯಲ್ಲಿ ಆ ವರ್ಗದ ಮಹಿಳೆಯರು ಇಬ್ಬರೇ, ಇಬ್ಬರೂ ದೊಡ್ಡ ಪಕ್ಷದವರು. ಎದುರು ಪಕ್ಷದಲ್ಲಿ ಅರ್ಜಿ ಹಾಕಲಿಕ್ಕೂ ಯಾರೂ ಇರಲಿಲ್ಲ. ಇನ್ನೇನು, ಅಧ್ಯಕ್ಷಗಿರಿ ನಮ್ಮದೇ ಎಂದು ದೊಡ್ಡ ಪಕ್ಷದವರು ನಿಶ್ಚಿಂತೆಯಿಂದ ಇದ್ದರು.

ಆ ಇಬ್ಬರಲ್ಲಿ ಒಬ್ಬರು ಎರಡನೇ ಸಲ ಗೆದ್ದವರು. ಇನ್ನೊಬ್ಬರು ಹೊಸಬರು, ಆದರೆ ಮನೆತನದಲ್ಲಿ ದುಡ್ಡಿತ್ತು. ಪಕ್ಷ ಹೊಸಬರನ್ನು ಅಭ್ಯರ್ಥಿ ಮಾಡಿತು. ಹಳಬರು ಮುನಿಸಿಕೊಂಡರು. ಅವರ ಜೊತೆ ಇಬ್ಬರು ನಿಂತರು: ನಾಲ್ಕು ಸಲ ಗೆದ್ದ ಒಬ್ಬ ಹಿರಿಯ ಸದಸ್ಯರು, ಮತ್ತು ಯಾವ ಕಡೆ ಗಾಳಿ ಬೀಸಿದರೂ ಅತ್ತ ನೋಡುವ ಒಬ್ಬ ಯುವ ಸದಸ್ಯ. ಚುನಾವಣೆಗೆ ವಾರ ಇರುವಾಗಲೇ ಹಳೆ ಸದಸ್ಯೆ ಊರು ಬಿಟ್ಟರು. ಎಲ್ಲಿ ಎಂದರೆ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ರೆಸಾರ್ಟ್ ಅಲ್ವಾ.

ವಿಪ್ ಕೊಡುವ ಎರಡು ದಿನ

ಕಾಯ್ದೆ ಪ್ರಕಾರ ಸದಸ್ಯತ್ವ ಹೋಗುವ ದಾರಿ ಎರಡು. ಒಂದು, ತಾನಾಗಿ ಪಕ್ಷದ ಸದಸ್ಯತ್ವ ಬಿಡುವುದು. ಇನ್ನೊಂದು, ಪಕ್ಷ ಅಥವಾ ಪಕ್ಷ ಅಧಿಕಾರ ಕೊಟ್ಟವರು ಹೊರಡಿಸಿದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕುವುದು, ಮತ ಹಾಕದೆ ಕೂರುವುದು, ಇಲ್ಲವೇ ಬೇಕೆಂದೇ ಸಭೆಗೆ ಬಾರದಿರುವುದು. ಈ ನಿರ್ದೇಶನವನ್ನೇ ನಾವು ವಿಪ್ ಅನ್ನುವುದು. ಪಕ್ಷಕ್ಕೆ ಮನಸ್ಸಿದ್ದರೆ 15 ದಿನದೊಳಗೆ ಆ ತಪ್ಪನ್ನು ಮನ್ನಿಸಬಹುದು. ಮನ್ನಿಸಿದರೆ ಅಲ್ಲಿಗೆ ಮುಗಿಯಿತು.

ಜಿಲ್ಲಾಧ್ಯಕ್ಷರು ವಿಪ್ ತಯಾರು ಮಾಡಿದ್ದು ಚುನಾವಣೆಗೆ ಎರಡು ದಿನ ಮೊದಲು. ಪಕ್ಷದ ಕಚೇರಿಯಲ್ಲಿ ಸಭೆ ಕರೆದರು. ಹಿರಿಯರು ಬಂದಿದ್ದರು. "ಯಜಮಾನ್ರೇ, ಒಂದು ಸಹಿ ಹಾಕಿಬಿಡಿ" ಎಂದಾಗ ಪುಸ್ತಕದಲ್ಲಿ ಸಹಿ ಹಾಕಿ, ವಿಪ್ ಪ್ರತಿ ಜೇಬಿಗೆ ಹಾಕಿಕೊಂಡು ಹೋದರು. ಆಮೇಲೆ ಏನು ಮಾಡುತ್ತೇನೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು ಅನ್ನಿಸುತ್ತದೆ. ಸಹಿ ಹಾಕಿದ್ದು ಮರ್ಯಾದೆಗೋ, ಅಸಡ್ಡೆಗೋ ಹೇಳಲಾರೆ. ಯುವ ಸದಸ್ಯನಿಗೂ ಕೈಗೇ ಕೊಟ್ಟರು.

ಹಳೆ ಸದಸ್ಯೆಯ ಮನೆಗೆ ಹೋದಾಗ ಬೀಗ. ಕಾರ್ಯಕರ್ತರು ವಿಪ್ ಪ್ರತಿಯನ್ನು ಬಾಗಿಲಿಗೆ ಗೋಂದಿನಿಂದ ಅಂಟಿಸಿದರು. ಅವತ್ತಿನ ದಿನಪತ್ರಿಕೆಯನ್ನು ಪಕ್ಕಕ್ಕೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದರು. ಒಂದು ಮಹಜರು ಬರೆದರು. ಅದಕ್ಕೆ ಸಹಿ ಹಾಕಿದ ಐದೂ ಜನ ಪಕ್ಷದವರೇ. ಪಕ್ಕದ ಮನೆಯವರನ್ನು ಕೇಳಲಿಲ್ಲ, ಬೀದಿಯ ಅಂಗಡಿಯವನನ್ನೂ ಕರೆಯಲಿಲ್ಲ. ವಾಟ್ಸಾಪ್‌ನಲ್ಲೂ ಕಳಿಸಿದರು, ಎರಡು ಬೂದು ಗೆರೆ ಬಂತು, ನೀಲಿ ಆಗಲಿಲ್ಲ. ರಿಜಿಸ್ಟರ್ಡ್ ಅಂಚೆಯನ್ನು ಅವತ್ತೇ ಹಾಕಿದರು, ಅದು ಚುನಾವಣೆ ಮುಗಿದ ಮೇಲೆ 'ಮನೆ ಬೀಗ' ಎಂಬ ಷರಾದೊಂದಿಗೆ ವಾಪಸ್ ಬಂತು.

ಒಂದು ಕೆಲಸವನ್ನು ಮಾತ್ರ ಚೆನ್ನಾಗಿ ಮಾಡಿದ್ದರು. ಜಿಲ್ಲಾ ಕಚೇರಿಯ ಕಾರ್ಯದರ್ಶಿ ವಿಪ್ ಹೊರಡಿಸುವ ಮೊದಲೇ ರಾಜ್ಯಾಧ್ಯಕ್ಷರಿಂದ ಅಧಿಕಾರ ಪತ್ರ ತರಿಸಿಕೊಂಡಿದ್ದ. 'ಈ ಪುರಸಭೆಯ ಈ ಚುನಾವಣೆಗೆ ವಿಪ್ ಕೊಡಲು ಜಿಲ್ಲಾಧ್ಯಕ್ಷರಿಗೆ ಅಧಿಕಾರ ಕೊಟ್ಟಿದೆ' ಎಂಬ ನಾಲ್ಕು ಸಾಲು. ಅದರ ಒಂದು ಪ್ರತಿ, ವಿಪ್‌ನ ಒಂದು ಪ್ರತಿ, ಎರಡನ್ನೂ ಪುರಸಭೆ ಮುಖ್ಯಾಧಿಕಾರಿಗೆ ಕೊಟ್ಟು ಸೀಲು ಹಾಕಿಸಿಕೊಂಡಿದ್ದ. ಈ ಕೆಲಸ ಎಷ್ಟು ಮುಖ್ಯ ಎಂಬುದು ಸುಪ್ರೀಂ ಕೋರ್ಟ್ 2000ರಲ್ಲಿ ತೀರ್ಮಾನಿಸಿದ ಮಹಾರಾಷ್ಟ್ರದ ಪುರಸಭೆಯೊಂದರ ಪ್ರಕರಣ ಓದಿದವರಿಗೆ ಗೊತ್ತು. ಅಲ್ಲಿ ವಿಪ್ ಕೊಟ್ಟವರಿಗೆ ಆ ಅಧಿಕಾರ ಇತ್ತೆಂಬುದು ಸಾಬೀತಾಗಲಿಲ್ಲ, ಸದಸ್ಯರ ಅನರ್ಹತೆ ಬಿದ್ದುಹೋಯಿತು. ಜನ ಆರಿಸಿದವರನ್ನು ಮನೆಗೆ ಕಳಿಸುವ ಕೆಲಸ ಇದು, ಕಾನೂನು ಹೇಳಿದಂತೆಯೇ ನಡೆದಿರಬೇಕು ಎಂಬುದು ಕೋರ್ಟಿನ ನಿಲುವು.

ಕೈ ಎತ್ತಿದ ದಿನ

ತಹಶೀಲ್ದಾರರು ಚುನಾವಣಾಧಿಕಾರಿ. ಹಳೆ ಸದಸ್ಯೆ ಶಾಸಕರ ಕಾರಿನ ಹಿಂದಿನ ಕಾರಿನಲ್ಲಿ ಬಂದು ಇಳಿದರು, ನಾಮಪತ್ರ ಹಾಕಿದರು. ಸೂಚಕರು ಎದುರು ಪಕ್ಷದ ಸದಸ್ಯರು. ಪಕ್ಷದ ಅಭ್ಯರ್ಥಿ ಹೊಸಬರು ಕೂಡ ಹಾಕಿದರು. ಯುವ ಸದಸ್ಯ ಬರಲೇ ಇಲ್ಲ, ಬೆಳಗ್ಗೆಯೇ ಆಸ್ಪತ್ರೆ ಸೇರಿದ್ದ. ಕೈ ಎತ್ತುವ ಮೂಲಕ ಮತದಾನ. ಅಧಿಕೃತ ಅಭ್ಯರ್ಥಿಗೆ 10 ಕೈ. ಹಳೆ ಸದಸ್ಯೆಗೆ ಎದುರು ಪಕ್ಷದ 8, ಪಕ್ಷೇತರರ 3, ಶಾಸಕರ 1, ತಮ್ಮದೇ ಒಂದು, ಹಿರಿಯರದ್ದೊಂದು, ಒಟ್ಟು 14. ಹಿರಿಯರು ಕೈ ಎತ್ತುವಾಗ ಜಿಲ್ಲಾಧ್ಯಕ್ಷರ ಕಡೆ ನೋಡಲಿಲ್ಲ.

ವಿಜಯೋತ್ಸವದಲ್ಲಿ ಒಂದು ಸಣ್ಣ ಘಟನೆ. ಪಕ್ಷೇತರರಿಗೆ ಎದುರು ಪಕ್ಷದ ಶಾಲು ಹಾಕಲು ಹುಡುಗರು ನುಗ್ಗಿದರು. ಶಾಸಕರ ವಕೀಲರು ಜೋರು ಮಾಡಿ ತಡೆದರು. ಸರಿಯಾದ ಬುದ್ಧಿ. ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದಾದರೂ ಪಕ್ಷ ಸೇರಿದರೆ ಅವರೂ ಅನರ್ಹರೇ. ಬೆಂಬಲ ಕೊಡಬಹುದು, ಸೇರುವಂತಿಲ್ಲ. ಹೆಗಲ ಮೇಲೆ ಶಾಲು ಇರುವ ಫೋಟೋ ಸೇರ್ಪಡೆಗೆ ಸಾಕ್ಷಿ ಎಂದು ನಾಳೆ ಯಾರಾದರೂ ವಾದಿಸಬಹುದು.

ಮನ್ನಿಸುವ ಹದಿನೈದು ದಿನ

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇಲ್ಲಿದೆ. ಕೋರ್ಟಿನಲ್ಲಲ್ಲ.

ಸಿಟ್ಟಿನಲ್ಲಿದ್ದ ಕಾರ್ಯಕರ್ತರಿಗೆ ಮೂವರನ್ನೂ ಹೊರಹಾಕಬೇಕು ಎಂಬ ಹಟ. ಪಕ್ಷದ ವಕೀಲರು ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದರು. ಮೂವರೂ ಹೋದರೆ ಪಕ್ಷಕ್ಕೆ ಉಳಿಯುವುದು 9, ಸಂಸದರ ಮತ ಸೇರಿ 10. ಆಚೆ ಕಡೆ 12 ಹಾಗೇ ಇರುತ್ತದೆ. ದ್ರೋಹಿಗಳನ್ನು ಶಿಕ್ಷಿಸಿ ಪಕ್ಷವೇ ಅಲ್ಪಸಂಖ್ಯಾತ ಆಗುತ್ತದೆ. ಉಪಚುನಾವಣೆ ಯಾವಾಗ ನಡೆಯುತ್ತದೋ, ಯಾರು ಗೆಲ್ಲುತ್ತಾರೋ ದೇವರಿಗೇ ಗೊತ್ತು. ಇನ್ನೊಂದು ಮಾತನ್ನೂ ಅವರು ಹೇಳಿದರು: ಅನರ್ಹತೆ ಬಂದರೂ ಅವತ್ತು ಹಾಕಿದ ಮತ ಹಾಕಿದ್ದೇ. ಆ ಚುನಾವಣೆ ತಾನಾಗಿ ರದ್ದಾಗುವುದಿಲ್ಲ.

ಆದರೆ ಇಲ್ಲಿ ಮೀಸಲಾತಿಯ ಗಂಟೊಂದು ಇತ್ತು. ಅಧ್ಯಕ್ಷೆ ಒಬ್ಬರು ಸದಸ್ಯತ್ವ ಕಳೆದುಕೊಂಡರೆ ಅಧ್ಯಕ್ಷ ಸ್ಥಾನ ಖಾಲಿ. ಆಗ ಆ ವರ್ಗದ ಮಹಿಳೆ ಉಳಿಯುವುದು ಪಕ್ಷದ ಅಭ್ಯರ್ಥಿ ಒಬ್ಬರೇ. ಸಂಖ್ಯೆ ಇರಲಿ ಬಿಡಲಿ, ಅವಿರೋಧ ಆಯ್ಕೆ. ಹಾಗಾಗಿ ಗುರಿ ಅಧ್ಯಕ್ಷೆ ಎಂದು ತೀರ್ಮಾನವಾಯಿತು. ಯುವ ಸದಸ್ಯನನ್ನು ಕರೆಸಿ ಮಾತಾಡಿದರು. ಆಸ್ಪತ್ರೆ ಚೀಟಿ ತಂದ, ಕೈ ಮುಗಿದ. ಹದಿಮೂರನೇ ದಿನ ಅವನ ಗೈರನ್ನು ಮನ್ನಿಸಿ ಪಕ್ಷ ಪತ್ರ ಕೊಟ್ಟಿತು. ಹಿರಿಯರಿಗೂ ಹೇಳಿ ಕಳಿಸಿದರು, ಅವರು ಬರಲಿಲ್ಲ.

ಅಧ್ಯಕ್ಷೆ ಮತ್ತು ಹಿರಿಯರ ಮೇಲೆ ಮುಖ್ಯಾಧಿಕಾರಿಗೆ ದೂರು ಹೋಯಿತು, ಅವರು ಜಿಲ್ಲಾಧಿಕಾರಿಗೆ ಕಳಿಸಿದರು. ಪುರಸಭೆ ಸದಸ್ಯರ ವಿಚಾರದಲ್ಲಿ ನಮ್ಮಲ್ಲಿ ತೀರ್ಮಾನ ಮಾಡುವುದು ಜಿಲ್ಲಾಧಿಕಾರಿ. ಕೇರಳದಲ್ಲಿ ಹಾಗಲ್ಲ, ಅಲ್ಲಿನ 1999ರ ಕಾಯ್ದೆಯಲ್ಲಿ ರಾಜ್ಯ ಚುನಾವಣಾ ಆಯೋಗವೇ ತೀರ್ಮಾನಿಸುತ್ತದೆ, ಅನರ್ಹರಾದವರು ಆರು ವರ್ಷ ಚುನಾವಣೆಗೆ ನಿಲ್ಲುವಂತೆಯೂ ಇಲ್ಲ. ಸರ್ಕಾರದ ಕೈಕೆಳಗಿನ ಅಧಿಕಾರಿಗಿಂತ ಆಯೋಗ ಮೇಲು ಎಂದೇ ನನಗನ್ನಿಸುತ್ತದೆ. ಈ ಪ್ರಕರಣದಲ್ಲೇ ವಾದ ಅರ್ಧ ಆಗಿದ್ದಾಗ ಜಿಲ್ಲಾಧಿಕಾರಿಗೆ ವರ್ಗಾವಣೆ ಆಯಿತು, ಹೊಸಬರು ಬಂದು ಮೊದಲಿಂದ ಕೇಳಿದರು.

ದೂರಿನಲ್ಲಿ ಒಂದು ಕೊರತೆ ಇತ್ತು, ಅವತ್ತು ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕು ಪುಟದ ಆ ದೂರು ಪೂರ್ತಿ ವಿಪ್ ಉಲ್ಲಂಘನೆಯ ಬಗ್ಗೆಯೇ ಇತ್ತು. 'ತಾನಾಗಿ ಪಕ್ಷ ಬಿಟ್ಟಿದ್ದಾರೆ' ಎಂಬ ಮೊದಲ ದಾರಿಯ ಸುದ್ದಿಯೇ ಇಲ್ಲ. ಪಕ್ಷ ಬಿಡುವುದು ಅಂದರೆ ರಾಜೀನಾಮೆ ಪತ್ರ ಕೊಡುವುದು ಮಾತ್ರ ಅಲ್ಲ, ನಡತೆಯಿಂದಲೂ ಅದನ್ನು ತಿಳಿಯಬಹುದು ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ ಹೇಳಿದೆ. ಅದು ಶಾಸಕರ ವಿಚಾರ ನಿಜ, ಆದರೆ ಮಾತುಗಳು ಒಂದೇ. ಸ್ವಂತ ಪಕ್ಷದ ಅಭ್ಯರ್ಥಿಯ ಎದುರು, ಎದುರು ಪಕ್ಷದವರನ್ನು ಸೂಚಕರನ್ನಾಗಿ ಮಾಡಿಕೊಂಡು ನಾಮಪತ್ರ ಹಾಕಿದ್ದಕ್ಕಿಂತ ದೊಡ್ಡ ನಡತೆ ಇನ್ನೇನು ಬೇಕು? ಈ ದಾರಿಗೆ ವಿಪ್ ತಲುಪಿತೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ನಾಮಪತ್ರ ತಹಶೀಲ್ದಾರರ ಕಡತದಲ್ಲೇ ಇತ್ತು, ನಕಲಿಗೆ ಅರ್ಜಿ ಕೊಟ್ಟಿದ್ದರೆ ಸಾಕಿತ್ತು.

ಆದೇಶ, ತಡೆಯಾಜ್ಞೆ, ಮತ್ತು ನಡುವಿನ ಪುರಸಭೆ

ಜಿಲ್ಲಾಧಿಕಾರಿ ಇಬ್ಬರನ್ನೂ ಅನರ್ಹಗೊಳಿಸಿದರು. ಬಾಗಿಲಿಗೆ ಅಂಟಿಸಿದ್ದು, ವಾಟ್ಸಾಪ್ ಕಳಿಸಿದ್ದು ಸಾಕು, ಊರಿಗೆಲ್ಲ ಗೊತ್ತಿದ್ದ ವಿಪ್ ಇವರಿಗೆ ಗೊತ್ತಿರಲಿಲ್ಲ ಎಂಬುದನ್ನು ನಂಬಲಾಗದು ಎಂದರು. ಇಬ್ಬರೂ ಹೈಕೋರ್ಟಿಗೆ ಹೋದರು. ಮಧ್ಯಂತರ ತಡೆಯಾಜ್ಞೆ ಸಿಕ್ಕಿತು. ಅಧ್ಯಕ್ಷೆ ಮತ್ತೆ ಕುರ್ಚಿಗೆ ಬಂದರು.

ಸ್ಥಿರತೆಯ ಪ್ರಶ್ನೆ ನಿಜವಾಗಿ ಎದ್ದದ್ದು ಈ ಅವಧಿಯಲ್ಲಿ. ಸಂಖ್ಯೆ ನೋಡಿದರೆ ಅಧ್ಯಕ್ಷೆ ಗಟ್ಟಿಯಾಗಿದ್ದರು. ಅವರ ಕಡೆ 14 ಕೈ, ಅವಿಶ್ವಾಸಕ್ಕೆ ಬೇಕಾದಷ್ಟು ಬಲ ಎದುರಿಗಿರಲಿಲ್ಲ. ಆದರೂ ಕೆಲಸ ನಿಂತಿತು. ನಾಳೆ ಆದೇಶ ಎತ್ತಿಹಿಡಿದರೆ ಇವರು ಸಹಿ ಹಾಕಿದ್ದು ಏನಾಗುತ್ತದೆ ಎಂದು ಮುಖ್ಯಾಧಿಕಾರಿಗೆ ಹೆದರಿಕೆ. ದೊಡ್ಡ ಮೊತ್ತದ ಕಡತ ಬಂದರೆ 'ಕಾನೂನು ಅಭಿಪ್ರಾಯಕ್ಕೆ' ಎಂದು ಬರೆದು ಮೇಲಕ್ಕೆ ಕಳಿಸುತ್ತಿದ್ದರು. ಸ್ಥಾಯಿ ಸಮಿತಿ ರಚನೆ ಮೂರು ಸಲ ಕಾರ್ಯಸೂಚಿಗೆ ಬಂದು ಮೂರು ಸಲವೂ ಮುಂದಕ್ಕೆ ಹೋಯಿತು. ಒಂದು ವಾರ್ಡಿನ ಕುಡಿಯುವ ನೀರಿನ ಪೈಪ್ ಬದಲಿಸುವ ಟೆಂಡರ್ ಎರಡು ಬೇಸಿಗೆ ಹಾಗೇ ಬಿದ್ದಿತ್ತು. ಗುತ್ತಿಗೆದಾರರಿಗೂ ಅನುಮಾನ, ಬಿಲ್ ಆಗುತ್ತದೋ ಇಲ್ಲವೋ ಎಂದು. ಪಕ್ಷಾಂತರದಿಂದ ಆಡಳಿತ ಬಿತ್ತು ಎಂದು ಊರಲ್ಲಿ ಮಾತಾಡಿಕೊಂಡರು. ಕಡತ ಓದಿದರೆ ಹಾಗೆ ಕಾಣುವುದಿಲ್ಲ. ಬಹುಮತ ಇತ್ತು. ಕೆಡಿಸಿದ್ದು ತೀರ್ಮಾನವಾಗದ ಅರ್ಜಿ.

ಹೈಕೋರ್ಟಿನ ಅಂತಿಮ ಆದೇಶ ಬರುವ ಹೊತ್ತಿಗೆ ಮೊದಲ ಅವಧಿ ಮುಗಿಯಲು ಕೆಲವೇ ತಿಂಗಳು ಬಾಕಿ. ಹಿರಿಯರ ಅನರ್ಹತೆ ಖಾಯಂ ಆಯಿತು. ವಿಪ್ ಕೊಟ್ಟವರಿಗೆ ಅಧಿಕಾರ ಇರಲಿಲ್ಲ ಎಂಬ ಅವರ ವಾದ ಆ ನಾಲ್ಕು ಸಾಲಿನ ಪತ್ರದ ಮುಂದೆ ನಿಲ್ಲಲಿಲ್ಲ, ವಿಪ್ ತಲುಪಿಲ್ಲ ಎನ್ನಲು ಅವರದ್ದೇ ಸಹಿ ಅಡ್ಡ ಬಂತು. ಒಬ್ಬರನ್ನು ಮನ್ನಿಸಿ ನಮ್ಮನ್ನು ಮಾತ್ರ ಹಿಡಿದಿದ್ದಾರೆ ಎಂಬುದನ್ನೂ ಕೋರ್ಟ್ ಒಪ್ಪಲಿಲ್ಲ, ಯಾರನ್ನು ಮನ್ನಿಸಬೇಕು ಎಂಬುದು ಪಕ್ಷಕ್ಕೆ ಬಿಟ್ಟದ್ದು.

ಅಧ್ಯಕ್ಷೆಯ ವಿಚಾರದಲ್ಲಿ ಫಲಿತಾಂಶ ಬೇರೆ. ಮಹಜರಿಗೆ ಸಹಿ ಹಾಕಿದವರು ಎಲ್ಲರೂ ದೂರುದಾರ ಪಕ್ಷದವರೇ, ಅಂಚೆ ಚುನಾವಣೆ ಆದ ಮೇಲೆ ವಾಪಸ್ ಬಂದಿದೆ, ಸಂದೇಶ ಓದಿದ್ದಕ್ಕೆ ಪುರಾವೆ ಇಲ್ಲ. ಊರಿಗೆ ಗೊತ್ತಿತ್ತು ಎಂಬುದು ಜಾರಿ ಆಗುವುದಿಲ್ಲ. ಆಗ ಪಕ್ಷದ ವಕೀಲರು 'ತಾನಾಗಿ ಪಕ್ಷ ಬಿಟ್ಟಿದ್ದಾರೆ' ಎಂಬ ವಾದ ಎತ್ತಿದರು. ದೂರಿನಲ್ಲೇ ಇಲ್ಲದ್ದನ್ನು ಇಲ್ಲಿ ಹೇಗೆ ಕೇಳುವುದು ಎಂದು ಕೋರ್ಟ್ ಕೇಳಿತು. ಆದೇಶ ರದ್ದಾಗಿ, ಹೊಸದಾಗಿ ವಿಚಾರಣೆ ಮಾಡಿ ಎಂದು ಕಡತ ಜಿಲ್ಲಾಧಿಕಾರಿಗೆ ವಾಪಸ್ ಬಂತು. ಅಂದರೆ ಯಾರನ್ನು ಗುರಿ ಮಾಡಿ ಇಷ್ಟೆಲ್ಲ ಮಾಡಿದರೋ, ಅವರ ಮೇಲಿನ ಪ್ರಕರಣವೇ ಬಡಕಲಾಗಿತ್ತು. ಬಾಗಿಲಿಗೆ ಅಂಟಿಸುವಾಗ ಪಕ್ಕದ ಮನೆಯವರ ಎರಡು ಸಹಿ ತೆಗೆದುಕೊಂಡಿದ್ದರೆ, ದೂರಿಗೆ ಇನ್ನೊಂದು ಪ್ಯಾರಾ ಸೇರಿಸಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ.

ಎರಡನೇ ಅವಧಿ

ಹಿರಿಯರ ವಾರ್ಡಿಗೆ ಉಪಚುನಾವಣೆ ಬಂತು. ಅವರ ಸೊಸೆ ಪಕ್ಷೇತರರಾಗಿ ನಿಂತು ಗೆದ್ದರು. ಮಾವನನ್ನು ಕಳಿಸಿದ ಸಿಟ್ಟು ವಾರ್ಡಿನಲ್ಲಿ ಇತ್ತು.

ಮುಂದಿನ 30 ತಿಂಗಳ ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂತು. ಹಳೆ ಅಧ್ಯಕ್ಷೆ ಕಾನೂನಿನ ಲೆಕ್ಕದಲ್ಲಿ ಇನ್ನೂ ದೊಡ್ಡ ಪಕ್ಷದವರೇ. ಬಿ ಫಾರಂ ಕೊಟ್ಟು ನಿಲ್ಲಿಸಿದ ಪಕ್ಷಕ್ಕೆ ಸದಸ್ಯರು ಸೇರಿದವರು ಎಂದೇ ಕಾಯ್ದೆ ನೋಡುತ್ತದೆ. ಅವರ ಮೇಲಿನ ಹಳೆ ದೂರು ಜಿಲ್ಲಾಧಿಕಾರಿ ಕಚೇರಿಯಲ್ಲಿ ಜೀವಂತ ಇತ್ತು. ಪಕ್ಷ ಅದನ್ನು ಮುಂದಕ್ಕೆ ಒತ್ತಲೂ ಇಲ್ಲ, ಹಿಂದಕ್ಕೆ ಪಡೆಯಲೂ ಇಲ್ಲ. ಸುಮ್ನೆ ಇಟ್ಟುಕೊಂಡಿತು. ತೀರ್ಮಾನವಾಗದ ದೂರು ಹೀಗೆ ಕೈಯಲ್ಲಿರುವ ಹಗ್ಗವಾಗುತ್ತದೆ. ಕಾಯ್ದೆ ಮಾಡಿದವರು ಇದನ್ನು ಯೋಚಿಸಿರಲಿಕ್ಕಿಲ್ಲ, ಆದರೆ ಊರೂರಲ್ಲಿ ಅದು ನಡೆಯುವುದು ಹೀಗೇ.

ಈ ಸಲ ವಿಪ್ ಕೊಡಲು ಜಿಲ್ಲಾಧ್ಯಕ್ಷರೇ ಅವರ ಮನೆಗೆ ಹೋದರು. ಸದಸ್ಯರು ಊರು ಬಿಡುವ ಮೊದಲೇ, ನೋಟಿಸ್ ಬಂದ ಮಾರನೇ ದಿನವೇ. ಜೊತೆಗೆ ಪಕ್ಷಕ್ಕೆ ಸಂಬಂಧವಿಲ್ಲದ ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದರು. "ಅಕ್ಕಾ, ಓದಿ ನೋಡಿ ಸಹಿ ಹಾಕಿ" ಎಂದರು. ಅವರು ಕಾಫಿ ಕೊಟ್ಟು, ನಿಧಾನವಾಗಿ ಓದಿ, ಸಹಿ ಹಾಕಿದರು.

ಚುನಾವಣೆ ದಿನ ದೊಡ್ಡ ಪಕ್ಷದ 11 ಸದಸ್ಯರೂ ಒಟ್ಟಿಗೆ ಕೈ ಎತ್ತಿದರು, ಸಂಸದರದ್ದೊಂದು. ಎದುರು ಕಡೆ 12. ಸಮಬಲ. ಹಿರಿಯರ ಸೊಸೆ ಕೊನೆಗೆ ದೊಡ್ಡ ಪಕ್ಷದ ಅಭ್ಯರ್ಥಿಗೆ ಕೈ ಎತ್ತಿದರು, 13 ಆಯಿತು. ಮಾವನನ್ನು ಅನರ್ಹಗೊಳಿಸಿದ ಪಕ್ಷಕ್ಕೇ ಯಾಕೆ ಎಂದು ಊರಲ್ಲಿ ತಲೆಗೊಂದು ಕಥೆ ಇದೆ. ಅವರು ಪಕ್ಷ ಸೇರಲಿಲ್ಲ. ಉಪಾಧ್ಯಕ್ಷ ಸ್ಥಾನಕ್ಕೆ ಅವರೊಬ್ಬರದ್ದೇ ನಾಮಪತ್ರ ಬಂದಿತ್ತು.